ಅಕ್ಕನನ್ನು ಕಳಿಸಿಕೊಡುವ ಮೊದಲು

ಎಲ್ಲರಿಗೂ ನಮಸ್ಕಾರ. ಭಾವ, ನಿಮಗೆ ಕೇಳಿಸುತ್ತಿದೆಯೇ? ಮೊಬೈಲನ್ನು ಭಾವನ ಹತ್ತಿರ ಹಿಡಿಯಿರಿ, ಅವರಿಗೆ ಬಲಗಿವಿ ಚುರುಕು.

ನಾನು ಮೈಸೂರಿನ ಆಸ್ಪತ್ರೆಯ ಹಾಸಿಗೆಯಲ್ಲಿದ್ದೇನೆ. ತೊಡೆಯ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿದೆ, ಕಾಲು ಊರುವಂತಿಲ್ಲ. ಆಂಬುಲೆನ್ಸ್‌ನಲ್ಲಾದರೂ ಕಳಿಸಿ ಎಂದು ಕೇಳಿದೆ, ವೈದ್ಯರು ಒಪ್ಪಲಿಲ್ಲ. ಹೆತ್ತವಳಂತೆ ಸಾಕಿದ ಅಕ್ಕ ಅಂಗಳದಲ್ಲಿ ಮಲಗಿರುವಾಗ ನಾನು ಇಲ್ಲಿ ಗೋಡೆಗೆ ಒರಗಿಕೊಂಡು ಮಾತನಾಡುತ್ತಿದ್ದೇನೆ.

ಅಕ್ಕನ ಚಿತೆಯ ಸೌದೆಗೆ ಮಾವು ಕಡಿಯುವಾಗ ಬಾವಿಯ ಪಕ್ಕದ ಮರವನ್ನು ಮುಟ್ಟಬೇಡಿ ಎಂದು ಬೆಳಿಗ್ಗೆ ಅಳಿಯನಿಗೆ ಫೋನಿನಲ್ಲಿ ಹೇಳಿದ್ದೆ. ಮುದುಕನಿಗೆ ಈ ಹೊತ್ತಿನಲ್ಲಿ ಮರದ ಚಿಂತೆಯೇ ಎಂದು ಕೆಲವರಿಗೆ ಅನ್ನಿಸಿರಬಹುದು. ಕಾರಣ ಹೇಳುತ್ತೇನೆ, ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

ಲಿಂಗನಮಕ್ಕಿಯ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲಿನ ಬೇಸಿಗೆ, ಮುಳುಗಲಿದ್ದ ನಮ್ಮ ಊರಿನಲ್ಲಿ ಎಲ್ಲರೂ ಮನೆ ಬಿಚ್ಚುತ್ತಿದ್ದರು. ಕಂಬ, ಬಾಗಿಲು, ಹಂಡೆ, ದೇವರ ಪೆಟ್ಟಿಗೆ, ಎಲ್ಲವನ್ನೂ ಲಾರಿಗೆ ಹೇರುತ್ತಿದ್ದರು. ಅಕ್ಕ ಗಂಡನ ಮನೆಯಿಂದ ಬಂದವಳು ಒಂದು ಸೌಟನ್ನೂ ಕೇಳಲಿಲ್ಲ. ಶರಾವತಿಯ ದಡದಲ್ಲಿದ್ದ ಅಪ್ಪೆಮಿಡಿ ಮರ ಹತ್ತಲು ನನಗೆ ಹೇಳಿದಳು. ನಾನು ಕಿತ್ತುಕೊಟ್ಟ ಕಡ್ಡಿಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದಳು. ಓಟೆ ನೆಟ್ಟರೆ ಅದೇ ಮಿಡಿ ಬರುವ ಭರವಸೆಯಿಲ್ಲ, ಕಸಿಯೇ ಆಗಬೇಕು ಎಂದು ಹಟ ಹಿಡಿದಳಂತೆ. ಕಸಿ ಕಟ್ಟಿದವರು ನೀವೇ, ಭಾವ. ಹಿಡಿದದ್ದು ಒಂದೇ. ಅದೇ ಈ ಮರ. ತಾಯಿಮರ ನೀರಿನಡಿಗೆ ಹೋಯಿತು.

ಹಿಸ್ಸೆಯ ಸಮಯದಲ್ಲಿ ನಾನೂ ಅಣ್ಣನೂ ಮಾತು ಬಿಟ್ಟೆವು. ಅಣ್ಣ ಅಲ್ಲೇ ಕುಳಿತಿರಬೇಕು, ಸುಳ್ಳಾಗಿದ್ದರೆ ಹೇಳಲಿ. ಆ ವರ್ಷಗಳಲ್ಲೂ ಎರಡು ಮನೆಗೂ ಮಿಡಿ ಉಪ್ಪಿನಕಾಯಿಯ ಭರಣಿ ತಪ್ಪದೆ ಬರುತ್ತಿತ್ತು. ನನ್ನ ಭರಣಿಯ ಜೊತೆಗಿನ ಚೀಟಿಯಲ್ಲಿ ಅಣ್ಣನ ಮನೆಯ ಸುದ್ದಿ ಇರುತ್ತಿತ್ತು. ಅವನಿಗೆ ಹೋದ ಚೀಟಿಯಲ್ಲಿ ಏನಿತ್ತೋ, ಅವನೇ ಹೇಳಬೇಕು. ರಾಜಿ ಮಾಡಿಕೊಳ್ಳಿ ಎಂದು ಅವಳು ಒಮ್ಮೆಯೂ ಬುದ್ಧಿ ಹೇಳಲಿಲ್ಲ. ಒದ್ದೆ ಸೌಟು ಹಾಕಿ ಉಪ್ಪಿನಕಾಯಿ ಕೆಡಿಸಿದರೆ ಮಾತ್ರ ಫೋನಿನಲ್ಲಿ ಗದರುತ್ತಿದ್ದಳು. ಬಾಯಿ ಜೋರು ನಮ್ಮ ಅಕ್ಕನದು, ಸತ್ತಳೆಂದು ಅದನ್ನು ಮುಚ್ಚಿಡುವುದಿಲ್ಲ.

ಅಕ್ಕಾ, ನಿನ್ನ ಕಾಲು ಮುಟ್ಟಲು ಆಗಲಿಲ್ಲ. ಕಳೆದ ಸಲ ನಾನು ಹೊರಟಾಗ ನೀನು "ಇನ್ನೊಂದು ದಿನ ಇರೋ" ಎಂದೆ. ಬಸ್ಸಿನ ನೆಪ ಹೇಳಿ ಬಂದುಬಿಟ್ಟೆ.

ಅಣ್ಣಾ, ಅವಳ ಬಾಯಿಗೆ ತುಳಸಿನೀರು ಬಿಡುವಾಗ ನನ್ನ ಹೆಸರಿನಲ್ಲೂ ಒಂದು ಸಲ ಬಿಡು. ಭಾವ, ಮಧ್ಯಾಹ್ನದ ಮಾತ್ರೆ ಬಿಡಬೇಡಿ; ಅವಳಿಲ್ಲವೆಂದು ಯಾರೂ ನೆನಪಿಸದೆ ಇರುವುದು ಬೇಡ. ಹದಿಮೂರನೆಯ ದಿನಕ್ಕೂ ನನಗೆ ಬರಲಾಗುವುದಿಲ್ಲ, ನನ್ನ ಮಗ ಬರುತ್ತಾನೆ. ಇನ್ನು ತಡಮಾಡಬೇಡಿ, ಹೊರಡಿಸಿ.