ಲಘು ಕರ್ತವ್ಯ ಹಾಗೂ ಗರ್ಭಿಣಿ ತಪಾಸಣೆಯ ದಿನಗಳಿಗೆ ರಜೆ ಕೋರಿ ಮನವಿ

ದಿನಾಂಕ: 02-09-2024
ಚನ್ನರಾಯಪಟ್ಟಣ

ಇವರಿಗೆ,
ಘಟಕ ವ್ಯವಸ್ಥಾಪಕರು,
ಬಸ್ ಘಟಕ, ಚನ್ನರಾಯಪಟ್ಟಣ

ಇವರಿಂದ,
ಸವಿತಾ ಎಂ.,
ನಿರ್ವಾಹಕಿ, ಬಿಲ್ಲೆ ಸಂಖ್ಯೆ 4172

ಮಾನ್ಯರೇ,

ವಿಷಯ: ಗರ್ಭಿಣಿಯಾಗಿರುವ ಕಾರಣ ಮಾರ್ಗದ ಕರ್ತವ್ಯದ ಬದಲು ಲಘು ಕರ್ತವ್ಯ ನೀಡುವ ಹಾಗೂ ತಪಾಸಣೆಯ ದಿನಗಳಿಗೆ ರಜೆ ಮಂಜೂರು ಮಾಡುವ ಬಗ್ಗೆ.

ನಾನು ಈ ಘಟಕದಲ್ಲಿ ಏಳು ವರ್ಷಗಳಿಂದ ನಿರ್ವಾಹಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಈಗ 20 ವಾರಗಳ ಗರ್ಭಿಣಿಯಾಗಿದ್ದು, ಹೆರಿಗೆಯ ನಿರೀಕ್ಷಿತ ದಿನಾಂಕ 20-01-2025 ಎಂದು ತಾಯಿ ಕಾರ್ಡಿನಲ್ಲಿ ನಮೂದಾಗಿದೆ. ಐದನೇ ತಿಂಗಳವರೆಗೆ ಈ ವಿಷಯವನ್ನು ತಮಗೆ ಲಿಖಿತವಾಗಿ ತಿಳಿಸದೆ ಇದ್ದುದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ಮೂರನೇ ತಿಂಗಳಲ್ಲಿ ನನಗೆ ಗರ್ಭಪಾತವಾಗಿತ್ತು. ಆದ್ದರಿಂದ ಈ ಸಲ ಸ್ಕ್ಯಾನಿಂಗ್ ವರದಿ ಕೈಗೆ ಬರುವ ತನಕ ಯಾರಿಗೂ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆ ವರದಿ ಆಗಸ್ಟ್ 29ರಂದು ಬಂದಿದೆ. ಮಗುವಿನ ಬೆಳವಣಿಗೆ ಸರಿಯಾಗಿದೆ. ಆದರೆ ಮಾಸು ಗರ್ಭಕೋಶದ ಬಾಯಿಗೆ ಕೇವಲ 1.5 ಸೆಂ.ಮೀ. ದೂರದಲ್ಲಿ, ಕೆಳಭಾಗದಲ್ಲಿದೆ. ಗರ್ಭಕೋಶ ದೊಡ್ಡದಾಗುತ್ತಾ ಹೋದಂತೆ ಬಹಳಷ್ಟು ಜನರಲ್ಲಿ ಮಾಸು ತಾನಾಗಿ ಮೇಲಕ್ಕೆ ಸರಿಯುತ್ತದೆ, ಗಾಬರಿಪಡುವುದು ಬೇಡ ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ಹೇಳಿದ್ದಾರೆ. ಆದರೂ 32ನೇ ವಾರದಲ್ಲಿ ಇನ್ನೊಂದು ಸ್ಕ್ಯಾನಿಂಗ್ ಮಾಡಿ ಖಚಿತಪಡಿಸಿಕೊಳ್ಳುವವರೆಗೆ ದೀರ್ಘ ಹೊತ್ತು ನಿಲ್ಲುವುದು, ಭಾರ ಎತ್ತುವುದು ಮತ್ತು ಕುಲುಕಾಟದ ಪ್ರಯಾಣ ಬೇಡವೆಂದೂ, ಸ್ವಲ್ಪ ರಕ್ತಸ್ರಾವ ಕಂಡರೂ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದೂ ಬರೆದುಕೊಟ್ಟಿದ್ದಾರೆ. ಇದರ ಜೊತೆಗೆ ನನ್ನ ಹಿಮೋಗ್ಲೋಬಿನ್ 9.6ಕ್ಕೆ ಇಳಿದಿದ್ದು, ದಿನಕ್ಕೆ ಎರಡು ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ನಿರ್ವಾಹಕರ ಕೆಲಸ ಎಂಥದ್ದೆಂದು ತಮಗೆ ನಾನು ವಿವರಿಸಬೇಕಾಗಿಲ್ಲ. ಆದರೂ ವೈದ್ಯರು ಬೇಡವೆಂದ ಮೂರೂ ಸಂಗತಿಗಳು ಈ ಕೆಲಸದಲ್ಲಿ ಹೇಗೆ ಒಟ್ಟಿಗೇ ಬರುತ್ತವೆ ಎಂಬುದನ್ನು ಹೇಳಬೇಕಾಗಿದೆ. ನನ್ನ ಈಗಿನ ಅನುಸೂಚಿಯಲ್ಲಿ ಬೆಳಿಗ್ಗೆ ನುಗ್ಗೇಹಳ್ಳಿ ಕಡೆಗೆ ಎರಡು ಸುತ್ತು, ಆಮೇಲೆ ಹಾಸನಕ್ಕೆ ಒಂದು ಸುತ್ತು ಇದೆ. ಶಾಲೆ-ಕಾಲೇಜಿನ ಹೊತ್ತಿನಲ್ಲಿ ನಿರ್ವಾಹಕರ ಸೀಟಿನಲ್ಲಿ ಕುಳಿತು ಟಿಕೆಟ್ ಕೊಡಲು ಸಾಧ್ಯವೇ ಇಲ್ಲ. ಟಿಕೆಟ್ ಯಂತ್ರ ಹಿಡಿದು, ಹಣದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಒಂದು ಬಾಗಿಲಿನಿಂದ ಇನ್ನೊಂದರವರೆಗೆ ಜನರ ನಡುವೆ ದಾರಿ ಮಾಡಿಕೊಂಡು ಓಡಾಡಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸು ಹತ್ತುವ ಮಹಿಳೆಯರ ಸಂಖ್ಯೆ ಹೆಚ್ಚಿದೆ, ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡಬೇಕಾಗಿದೆ. ಹಳ್ಳಿಯ ಹೆಂಗಸರು ದುಡ್ಡಿನ ಚಿಂತೆಯಿಲ್ಲದೆ ಆಸ್ಪತ್ರೆಗೂ ಸಂತೆಗೂ ಹೋಗಿ ಬರುವುದನ್ನು ದಿನವೂ ಕಣ್ಣಾರೆ ಕಾಣುವ ನನಗೆ ಆ ಯೋಜನೆಯ ಬಗ್ಗೆ ಅಭಿಮಾನವೇ ಇದೆ. ನನ್ನ ಮಾತು ಇಷ್ಟೇ: ಕಳೆದ ವಾರ ಚಾಲಕರು ಒಮ್ಮೆಲೇ ಬ್ರೇಕ್ ಹಾಕಿದಾಗ ನಾನು ಸೀಟಿನ ಕಂಬಿಗೆ ತಾಗಿ ನಿಂತೆ. ಅಂದು ಯಾವ ತೊಂದರೆಯೂ ಆಗಲಿಲ್ಲ, ಅದರಲ್ಲಿ ಚಾಲಕರ ತಪ್ಪೂ ಇರಲಿಲ್ಲ. ಎದುರಿಗೆ ದನ ಅಡ್ಡ ಬಂದಿತ್ತು. ಆದರೆ ಅದೇ ಪೆಟ್ಟು ಹೊಟ್ಟೆಗೆ ಬಿದ್ದಿದ್ದರೆ, ಅದೂ ಆಸ್ಪತ್ರೆ ದೂರವಿರುವ ಮಾರ್ಗದ ಮಧ್ಯದಲ್ಲಿ, ಏನಾಗುತ್ತಿತ್ತು ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಈ ವಾರದಿಂದಲೇ, ನಾನು ಹೆರಿಗೆ ರಜೆಯ ಮೇಲೆ ಹೋಗುವವರೆಗೆ, ಘಟಕದಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಕುಳಿತು ಮಾಡುವ ಕೆಲಸಕ್ಕೆ ನನ್ನನ್ನು ನಿಯೋಜಿಸಬೇಕೆಂದು ಕೋರುತ್ತೇನೆ. ಪಾಸ್ ಕೌಂಟರ್, ಟಿಕೆಟ್ ಯಂತ್ರಗಳ ವಿತರಣೆ, ವೇಬಿಲ್ ಪರಿಶೀಲನೆ, ನಿಲ್ದಾಣದ ವಿಚಾರಣಾ ಕೊಠಡಿ, ಇವುಗಳಲ್ಲಿ ಯಾವುದಾದರೂ ಸರಿ. ಹಿಂದಿನ ವರ್ಷ ವಿದ್ಯಾರ್ಥಿ ಪಾಸ್‌ಗಳ ಒತ್ತಡವಿದ್ದಾಗ ಎರಡು ವಾರ ಕೌಂಟರಿನಲ್ಲಿ ಕೆಲಸ ಮಾಡಿದ ಅನುಭವ ನನಗಿದೆ. ನಮ್ಮಲ್ಲಿ ನಿರ್ವಾಹಕರ ಕೊರತೆಯಿದೆ, ನನ್ನ ಅನುಸೂಚಿಗೆ ಬೇರೊಬ್ಬರನ್ನು ಹಾಕುವುದು ತಮಗೆ ಸುಲಭವಲ್ಲ ಎಂಬುದು ತಿಳಿದೇ ಈ ಮಾತು ಹೇಳುತ್ತಿದ್ದೇನೆ. ಕುಳಿತು ಮಾಡುವ ಕೆಲಸ ತಕ್ಷಣ ಖಾಲಿ ಇಲ್ಲದಿದ್ದರೆ, ಅದು ಸಿಗುವ ತನಕ ನನ್ನ ಗಳಿಕೆ ರಜೆಯನ್ನು ಬಳಸಿಕೊಳ್ಳಲು ಅನುಮತಿ ನೀಡಬೇಕು. ಹತ್ತಿರದ ಮಾರ್ಗವಾದರೂ ಸರಿ ಎಂದು ಒಪ್ಪಿಕೊಳ್ಳುವಂತೆ ನನಗೆ ಹೇಳದಿರಬೇಕೆಂದು ವಿನಂತಿಸುತ್ತೇನೆ, ಏಕೆಂದರೆ ವೈದ್ಯರು ಬೇಡವೆಂದಿರುವುದು ದೂರವನ್ನಲ್ಲ, ಬಸ್ಸಿನೊಳಗಿನ ನಿಲುವನ್ನೂ ಕುಲುಕಾಟವನ್ನೂ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಲಂ 4ರ ಪ್ರಕಾರ, ಗರ್ಭಿಣಿ ಕೋರಿಕೊಂಡರೆ, ಹೆರಿಗೆಗೆ ಮುಂಚಿನ ಆರು ವಾರಗಳಿಗೂ ಹಿಂದಿನ ಒಂದು ತಿಂಗಳು ಅವಳಿಂದ ಶ್ರಮದಾಯಕ ಅಥವಾ ದೀರ್ಘಕಾಲ ನಿಂತು ಮಾಡುವ ಕೆಲಸ ಮಾಡಿಸುವಂತಿಲ್ಲ. ಆ ಕಾರಣಕ್ಕೆ ಬೇರೆ ಕೆಲಸ ಕೊಟ್ಟಾಗ ಅವಳ ದಿನದ ವೇತನ ಕಡಿತ ಮಾಡುವಂತಿಲ್ಲವೆಂದು ಕಲಂ 13 ಹೇಳುತ್ತದೆ. ನನ್ನ ಲೆಕ್ಕದಲ್ಲಿ ಆ ಒಂದು ತಿಂಗಳು ನವೆಂಬರ್ 9ರಿಂದ ಆರಂಭವಾಗುತ್ತದೆ. ಈಗಿನ ನನ್ನ ಕೋರಿಕೆ ಅದಕ್ಕಿಂತ ಎರಡು ತಿಂಗಳು ಮೊದಲಿನದು. ಇದಕ್ಕೆ ಆಧಾರ ವೈದ್ಯರ ಸಲಹೆಯೇ ಹೊರತು ಕಾಯ್ದೆಯ ಆ ಕಲಮಲ್ಲ ಎಂಬುದು ನನಗೆ ಗೊತ್ತಿದೆ. ಮಾರ್ಗದಲ್ಲಿ ಇದ್ದರೆ ಮಾತ್ರ ಸಿಗುವ ಪ್ರೋತ್ಸಾಹಧನ ಮತ್ತು ಬಾಟಾ ಈ ಅವಧಿಯಲ್ಲಿ ಸಿಗದಿದ್ದರೆ ನನ್ನ ಆಕ್ಷೇಪಣೆ ಇಲ್ಲ. ಮೂಲ ವೇತನ ಮತ್ತು ಸೇವಾ ಹಿರಿತನಕ್ಕೆ ಮಾತ್ರ ಧಕ್ಕೆ ಬಾರದಂತೆ ನೋಡಿಕೊಳ್ಳಬೇಕು.

ಇನ್ನು ತಪಾಸಣೆಯ ವಿಷಯ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ವೈದ್ಯರು ನೋಡುತ್ತಾರೆ. ಹೀಗಾಗಿ ಸೆಪ್ಟೆಂಬರ್ 9, ಅಕ್ಟೋಬರ್ 9 ಮತ್ತು ನವೆಂಬರ್ 9 ನನ್ನ ತಪಾಸಣೆಯ ದಿನಗಳು. ಸೆಪ್ಟೆಂಬರಿನಲ್ಲಿ ಎರಡನೇ ಟಿ.ಡಿ. ಚುಚ್ಚುಮದ್ದು ಮತ್ತು ರಕ್ತಪರೀಕ್ಷೆ ಇವೆ. ಅದಕ್ಕೆ ಅರ್ಧ ದಿನ ಸಾಕು. ಅಕ್ಟೋಬರಿನಲ್ಲಿ ಸಕ್ಕರೆ ಪರೀಕ್ಷೆಯೂ ಇದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸಿ ಆಮೇಲೆ ರಕ್ತ ತೆಗೆಯುವುದರಿಂದ, ಅಂದಿನ ಸಾಲಿನ ಉದ್ದವನ್ನೂ ಲೆಕ್ಕ ಹಾಕಿ ಪೂರ್ತಿ ದಿನದ ರಜೆ ಕೇಳುತ್ತಿದ್ದೇನೆ. ನವೆಂಬರ್ 9 ಎರಡನೇ ಶನಿವಾರವಾದ್ದರಿಂದ ಆಸ್ಪತ್ರೆಯವರು ದಿನ ಬದಲಿಸಿದರೆ ತಿಳಿದ ಕೂಡಲೇ ತಮಗೆ ಹೇಳುತ್ತೇನೆ. ಮಾಸಿನ ಸ್ಥಿತಿ ನೋಡುವ ಸ್ಕ್ಯಾನಿಂಗ್ ನವೆಂಬರ್ 25ರ ಸೋಮವಾರ ಹಾಸನದಲ್ಲಿದ್ದು, ಅದಕ್ಕೂ ಒಂದು ಪೂರ್ತಿ ದಿನ ಬೇಕು.

ನನ್ನ ಖಾತೆಯಲ್ಲಿ 5 ಸಾಂದರ್ಭಿಕ ರಜೆಗಳು ಉಳಿದಿವೆ, ಮೊದಲು ಅವನ್ನೇ ಬಳಸಿಕೊಳ್ಳಬಹುದು. ಸಾಧ್ಯವಿರುವ ಕಡೆ ನನ್ನ ವಾರದ ರಜೆಯನ್ನು ತಪಾಸಣೆಯ ದಿನಕ್ಕೆ ಬದಲಾಯಿಸಿಕೊಟ್ಟರೂ ಒಪ್ಪಿಗೆ ಇದೆ. ಪ್ರತಿ ತಪಾಸಣೆಯ ಮರುದಿನ ತಾಯಿ ಕಾರ್ಡಿನಲ್ಲಿ ಆಸ್ಪತ್ರೆಯವರು ಬರೆದ ಪುಟವನ್ನು ಕಚೇರಿಗೆ ತೋರಿಸುತ್ತೇನೆ. ಹೆರಿಗೆ ರಜೆಗೆ ಪ್ರತ್ಯೇಕ ಅರ್ಜಿಯನ್ನು ನವೆಂಬರ್ ಮೊದಲ ವಾರದಲ್ಲಿ ಸಲ್ಲಿಸುತ್ತೇನೆ.

ಸೋಮವಾರ 9ನೇ ತಾರೀಖಿನ ಮೊದಲ ತಪಾಸಣೆಗೆ ಇನ್ನು ಒಂದೇ ವಾರ ಉಳಿದಿದೆ. ಆದ್ದರಿಂದ ಈ ಶುಕ್ರವಾರದೊಳಗೆ ತಮ್ಮ ಆದೇಶವನ್ನು ಲಿಖಿತವಾಗಿ ನೀಡಬೇಕೆಂದು, ಮಾತನಾಡುವ ಅಗತ್ಯವಿದ್ದರೆ ಕರ್ತವ್ಯ ಮುಗಿಸಿ ಬಂದು ತಮ್ಮನ್ನು ಕಾಣಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಸವಿತಾ ಎಂ.

ಲಗತ್ತು: ತಾಯಿ ಕಾರ್ಡಿನ ಜೆರಾಕ್ಸ್, ದಿನಾಂಕ 29-08-2024ರ ಸ್ಕ್ಯಾನಿಂಗ್ ವರದಿ ಮತ್ತು ವೈದ್ಯರ ಸಲಹಾ ಚೀಟಿ.