ಬಿಲ್ 214ರ ಬಾಕಿ: ಮೂರು ಸಂದೇಶಗಳು

ಜುಲೈ 5
ಶೆಟ್ರೇ, ನಮಸ್ಕಾರ. ಜೂನ್ 3ರಂದು ನಿಮ್ಮ ಚೆಂಬೂರ್ ಹೋಟೆಲಿಗೆ ಕೊಟ್ಟ ಮಸಾಲೆಪುಡಿಯ ಬಿಲ್ 214, ರೂ. 48,600, ಮೊನ್ನೆ ಬರಬೇಕಿತ್ತು. ಕಣ್ತಪ್ಪಿರಬಹುದೆಂದು ಮತ್ತೆ ಕಳಿಸಿದ್ದೇನೆ. ಹಣ ಹಾಕಿದ್ದರೆ ಯುಟಿಆರ್ ನಂಬರ್ ತಿಳಿಸಿ.

ಜುಲೈ 12
ಶೆಟ್ರೇ, ಹಣ ಇನ್ನೂ ಬಂದಿಲ್ಲ. ತೂಕದಲ್ಲೋ ದರದಲ್ಲೋ ತಕರಾರಿದ್ದರೆ ಇವತ್ತೇ ಹೇಳಿ, ಚಲನ್ ನೋಡಿ ಸರಿಪಡಿಸೋಣ. ಇಲ್ಲವಾದರೆ ಅರ್ಧ ಈಗ, ಉಳಿದದ್ದು 18ರೊಳಗೆ ಹಾಕಿ.

ಜುಲೈ 20
ಶೆಟ್ರೇ, ಆರ್ಡರಿನಲ್ಲಿ ಬರೆದ 30 ದಿನವೂ ಕಾಯ್ದೆಯ 45 ದಿನವೂ ಮುಗಿದವು. ನಮ್ಮದು ಉದ್ಯಮ್ ನೋಂದಣಿಯಾದ ತಯಾರಿಕಾ ಘಟಕ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. 27ರೊಳಗೆ ಪೂರ್ತಿ ಕೊಟ್ಟರೆ ಬಡ್ಡಿ ಕೇಳುವುದಿಲ್ಲ. ಬಾರದಿದ್ದರೆ 28ಕ್ಕೆ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡುತ್ತೇನೆ. ಅಲ್ಲಿಯವರೆಗೆ ಹೊಸ ಮಾಲು ನಗದಿಗೆ ಮಾತ್ರ. ಇಷ್ಟು ವರ್ಷದ ವ್ಯವಹಾರ ಕೆಡುವುದು ನನಗೂ ಬೇಡ, ಒಂದು ಫೋನ್ ಮಾಡಿ.