ಕ್ರೋಟನ್ ಗಿಡದ ಬುಡದಲ್ಲಿ ನೀಲಿ ಮಾತ್ರೆ

ಗಂಡುಹುಡುಗರನ್ನ ಪಿ.ಟಿ. ಮೇಷ್ಟ್ರು ಗ್ರೌಂಡಿಗೆ ಕರ್ಕೊಂಡು ಹೋದ್ರು. ಈಗ ನಾವು ನಾವೇ. ನಾಚಿಕೊಳ್ಳೋದು ಬೇಡ.

ಆಸ್ಪತ್ರೆಯಿಂದ ಬರ್ತಾ ನಿಮ್ಮ ಶಾಲೆ ಕಾಂಪೌಂಡ್ ಪಕ್ಕ ಕ್ರೋಟನ್ ಗಿಡದ ಬುಡ ನೋಡಿದೆ. ರಕ್ತ ಹೆಚ್ಚಲಿ ಅಂತ ವಾರ ವಾರ ನಿಮಗೆ ಕೊಡೋ ಕಬ್ಬಿಣದ ನೀಲಿ ಮಾತ್ರೆ, ಹನ್ನೊಂದು! ಗಿಡಕ್ಕೇನು ರಕ್ತ ಕಡಿಮೆಯಾಗಿತ್ತಾ? ಬೈಯೋಕೆ ಬಂದಿಲ್ಲ, ನಗಬೇಡಿ. ಯಾಕೆ ಎಸೀತೀರ ಅಂತ ನಂಗೊತ್ತು. ಹೊಟ್ಟೆ ತೊಳಸುತ್ತೆ, ಕಕ್ಕಸು ಕಪ್ಪಗಾಗುತ್ತೆ, ಮನೇಲಿ ಅಜ್ಜಿ "ಉಷ್ಣ, ಬೇಡ" ಅಂತಾರೆ. ಕಪ್ಪಗಾಗೋದು ಕಬ್ಬಿಣದಿಂದ, ಅದಕ್ಕೆ ಹೆದರಬೇಡಿ. ತೊಳಸೋದು ಹೆಚ್ಚಾಗಿ ಖಾಲಿ ಹೊಟ್ಟೇಲಿ ನುಂಗಿದ್ರೆ. ಬಿಸಿಯೂಟ ಆದ್ಮೇಲೆ, ಒಂದು ಲೋಟ ನೀರಲ್ಲಿ ನುಂಗಿ. ಹಾಲು, ಟೀ ಜೊತೆ ಬೇಡ. ವಾರಕ್ಕೆ ಒಂದೇ. ಎರಡು ವಾರ ತಪ್ಪಿತು ಅಂತ ಮೂರು ಒಟ್ಟಿಗೆ ನುಂಗೋ ಹಾಗಿಲ್ಲ. ಮನೇಲಿ ಪುಟ್ಟ ತಮ್ಮ ತಂಗಿ ಇದ್ರೆ ಕೈಗೆ ಸಿಗದ ಕಡೆ ಇಡಿ, ಮಿಠಾಯಿ ಅಂತ ತಿಂದ್ರೆ ಜೀವಕ್ಕೇ ಅಪಾಯ.

ಹಿಮೋಗ್ಲೋಬಿನ್ ನಿಮ್ಮ ವಯಸ್ಸಿಗೆ 12 ಇರಬೇಕು. ಮೈ ಬೆಳೀತಿದೆ, ತಿಂಗಳು ತಿಂಗಳು ಮುಟ್ಟಲ್ಲೂ ರಕ್ತ ಹೋಗುತ್ತೆ, ಅಷ್ಟು ಕಬ್ಬಿಣ ಊಟದಲ್ಲಿ ಬರ್ತಿಲ್ಲ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ನೂರು ಹುಡುಗೀರಲ್ಲಿ 59 ಜನಕ್ಕೆ ರಕ್ತಹೀನತೆ. ಮೆಟ್ಟಿಲು ಹತ್ತಿದ್ರೆ ಏದುಸಿರು, ಮಧ್ಯಾಹ್ನ ತೂಕಡಿಕೆ. ಇನ್ನೊಂದು ಕೇಳ್ತೀನಿ, ಕೈ ಎತ್ತೋದು ಬೇಡ: ಅಕ್ಕಿ ಡಬ್ಬಿಯಿಂದ ಹಸಿ ಅಕ್ಕಿ ಮುಕ್ಕೋದು, ಬಳಪ ಕಡಿಯೋದು ಯಾರಿಗೆ ಅಭ್ಯಾಸ? ಅದು ಬರೀ ಚಟ ಅಂದ್ಕೋಬೇಡಿ, ರಕ್ತ ಕಡಿಮೆ ಇದ್ದಾಗಲೂ ಹಾಗಾಗುತ್ತೆ. ಆಮೇಲೆ ಒಬ್ಬೊಬ್ಬರೇ ಬಂದು ನಂಗೆ ಹೇಳಿ.

ಊಟಕ್ಕೆ ಬರೋಣ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗಲ್ಲ. ದಾಳಿಂಬೆಗೆ ಅಪ್ಪನ ಜೇಬು ಖಾಲಿ ಮಾಡಿಸಬೇಡಿ. ನಮ್ಮ ಶ್ರೀನಿವಾಸಪುರದ ಕಡೆ ಮಳೆ ಬಿದ್ದ ಮೇಲೆ ಹೊಲದ ಬದುವಲ್ಲಿ ಬೆರಕೆ ಸೊಪ್ಪು ಪುಕ್ಕಟೆ. ಹಿತ್ತಲಲ್ಲಿ ನುಗ್ಗೆ ಮರ ಇರುತ್ತೆ, ಕಾಯಿ ಕಿತ್ತು ಸೊಪ್ಪು ಮೇಕೆಗೆ ಹಾಕ್ತೀವಿ. ಮೇಕೆ ಗಟ್ಟಿಮುಟ್ಟಾಗಿದೆ, ಮಗಳು ಬಿಳಿಚಿಕೊಂಡಿದ್ದಾಳೆ! ಹುರುಳಿಕಾಳು ಮೊಳಕೆ ಕಟ್ಟಿ ಸಾರು ಮಾಡಿಸಿ, ಮುದ್ದೆಗೆ ಅದಕ್ಕಿಂತ ಬೇಕಾ? ಬಸ್ಸಾರಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಇಲ್ಲಾ ಊಟದ ಜೊತೆ ಒಂದು ನೆಲ್ಲಿಕಾಯಿ ಕಡೀರಿ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಬೇಕಂದ್ರೆ ಇವುಗಳಲ್ಲಿರೋ ವಿಟಮಿನ್ ಸಿ ಬೇಕು. ಊಟ ಆದ ತಕ್ಷಣ ಟೀ ಕುಡಿದ್ರೆ ಕಬ್ಬಿಣ ಸರಿಯಾಗಿ ಹತ್ತಲ್ಲ, ಒಂದು ಗಂಟೆ ಬಿಡಿ. ಮಾಂಸ ತಿನ್ನೋರ ಮನೇಲಿ ಲಿವರ್ ತಂದಾಗ ಅಣ್ಣನಿಗಷ್ಟೇ ಬಡಿಸಿದ್ರೆ ತಟ್ಟೆ ಮುಂದೆ ತಳ್ಳಿ ಕೇಳಿ.

ಜಂತುಹುಳದ ಮಾತ್ರೆ ವರ್ಷಕ್ಕೆರಡು ಸಲ ಕೊಡ್ತಾರೆ, ಅದನ್ನೂ ಬಿಡಬೇಡಿ. ಹುಳ ಇದ್ರೆ ತಿಂದದ್ದು ಅದರ ಪಾಲು.

ಇವತ್ತು ರಕ್ತ ನೋಡ್ತೀನಿ, ಬೆರಳ ತುದಿಗೆ ಒಂದು ಚುಚ್ಚು. 12ಕ್ಕಿಂತ ಕಡಿಮೆ ಬಂದ್ರೆ ವಾರದ ಮಾತ್ರೆ ಸಾಲದು, ಅಮ್ಮನ್ನ ಕರ್ಕೊಂಡು ಆಸ್ಪತ್ರೆಗೆ ಬನ್ನಿ, ಡಾಕ್ಟರು ದಿನದ ಮಾತ್ರೆ ಬರೆದು ಕೊಡ್ತಾರೆ. ಊಟದ ಬೆಲ್ ಆಯ್ತು. ಊಟ ಮಾಡಿ, ತಟ್ಟೆ ತೊಳೆದು, ನೀರಿನ ಬಾಟಲಿ ಹಿಡ್ಕೊಂಡು ಇಲ್ಲೇ ಬನ್ನಿ. ಮಾತ್ರೆ ನನ್ನೆದುರೇ ನುಂಗಬೇಕು, ನಾನೂ ಒಂದು ನುಂಗ್ತೀನಿ.